ಲೋಕ ಅದಾಲತ್: ಸಹಿಗೆ ಮುನ್ನ ನೋಡಬೇಕಾದುದು

ಲೋಕ ಅದಾಲತ್‌ನ ಪೀಠವೇ ವಿಚಾರಣೆ ನಡೆಸಿ ತೀರ್ಪು ಕೊಡುತ್ತದೆಂದು ನಂಬಿದವರು ಇಂದಿಗೂ ಅನೇಕರು. ಈ ನಂಬಿಕೆ ತಪ್ಪೆಂದು ಸುಪ್ರೀಂ ಕೋರ್ಟ್ 2008ರಲ್ಲಿ, ಪಂಜಾಬ್ ಸರ್ಕಾರ ಮತ್ತು ಜಾಲೌರ್ ಸಿಂಗ್ ನಡುವಿನ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹೈಕೋರ್ಟ್‌ನ ಲೋಕ ಅದಾಲತ್ ಅಪಘಾತ ಪರಿಹಾರದ ಮೊತ್ತವನ್ನು ತಾನೇ ಹೆಚ್ಚಿಸಿ, ಒಪ್ಪದವರು ಆಕ್ಷೇಪಿಸಬಹುದೆಂದು ಹೇಳಿತ್ತು. ಉಭಯ ಪಕ್ಷಗಳ ನಡುವೆ ರಾಜಿಯೇ ಆಗದ ಮೇಲೆ ಅದು ಐತೀರ್ಪೇ ಅಲ್ಲ ಎಂಬುದು ಸುಪ್ರೀಂ ಕೋರ್ಟ್‌ನ ನಿಲುವು. ರಾಜಿಯಾಗದ ಪ್ರಕರಣವನ್ನು ಅದಾಲತ್ ಮೂಲ ನ್ಯಾಯಾಲಯಕ್ಕೆ ಹಿಂದಿರುಗಿಸಬೇಕು, ಅಷ್ಟೇ. (ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಸಂಬಂಧಿಸಿದ ಕಾಯಂ ಲೋಕ ಅದಾಲತ್‌ಗಳ ಮಾತು ಬೇರೆ, ರಾಜಿ ವಿಫಲವಾದರೆ ಅವು ತೀರ್ಮಾನ ನೀಡಬಲ್ಲವು.)

ಆದರೆ ಒಮ್ಮೆ ಒಪ್ಪಿ ಸಹಿ ಹಾಕಿದರೆ ಚಿತ್ರವೇ ಬದಲಾಗುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮಿನಂತೆ ಆ ಐತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದರ ವಿರುದ್ಧ ಮೇಲ್ಮನವಿಯಿಲ್ಲ. ಅತಿ ಸೀಮಿತ ಕಾರಣಗಳಿಗಾಗಿ ಹೈಕೋರ್ಟ್‌ಗೆ ರಿಟ್ ಅರ್ಜಿ ಸಲ್ಲಿಸುವುದೊಂದೇ ದಾರಿ. ‘ಕಡಿಮೆ ಹಣಕ್ಕೆ ಒಪ್ಪಿಬಿಟ್ಟೆ’ ಎಂಬ ಪಶ್ಚಾತ್ತಾಪ ಅಲ್ಲಿ ನಡೆಯದು.

ಚೆಕ್ ಅಮಾನ್ಯವಾದ ಒಂದು ಪ್ರಕರಣವನ್ನು ಊಹಿಸಿಕೊಳ್ಳೋಣ. ಎರಡು ಲಕ್ಷ ರೂಪಾಯಿ ಬರಬೇಕಾದವರು 1.6 ಲಕ್ಷಕ್ಕೆ, ನಾಲ್ಕು ಕಂತುಗಳಲ್ಲಿ, ಒಪ್ಪುತ್ತಾರೆ. ಮೊದಲ ಕಂತು ಬರುತ್ತದೆ, ಎರಡನೆಯದು ಬರುವುದಿಲ್ಲ. ಕ್ರಿಮಿನಲ್ ನ್ಯಾಯಾಲಯದಿಂದ ಬಂದ ಪ್ರಕರಣವಾದರೂ ಇಂಥ ಐತೀರ್ಪನ್ನು ಸಿವಿಲ್ ಡಿಕ್ರಿಯಂತೆ ಜಾರಿಗೊಳಿಸಬಹುದೆಂದು ಸುಪ್ರೀಂ ಕೋರ್ಟ್ ಗೋವಿಂದನ್ ಕುಟ್ಟಿ ಮೆನನ್ ಪ್ರಕರಣದಲ್ಲಿ ಹೇಳಿದೆ. ಅಮಲ್ಜಾರಿ ಅರ್ಜಿ ಹಾಕಿದರೆ ಉಳಿದ 1.2 ಲಕ್ಷ ವಸೂಲಾದೀತು. ಬಿಟ್ಟುಕೊಟ್ಟ ನಲವತ್ತು ಸಾವಿರ? ಕಂತು ತಪ್ಪಿದರೆ ಪೂರ್ಣ ಎರಡು ಲಕ್ಷ ಇಂತಿಷ್ಟು ಬಡ್ಡಿಯೊಡನೆ ಸಲ್ಲಬೇಕೆಂಬ ಸಾಲನ್ನು ರಾಜಿ ಪತ್ರದಲ್ಲಿ ಬರೆಸದಿದ್ದರೆ ಅದನ್ನು ಮತ್ತೆ ಕೇಳುವುದು ಕಷ್ಟ. ಜನಸಂದಣಿಯ ನಡುವೆ, ಅಚ್ಚಾದ ನಮೂನೆಗೆ ಅವಸರದಲ್ಲಿ ಸಹಿ ಹಾಕುವಾಗ ತಪ್ಪಿಹೋಗುವುದು ಈ ಸಾಲೇ.

ಈ ವೇದಿಕೆಗೆ ಒಗ್ಗುವುದು ಯಾವ ವ್ಯಾಜ್ಯವೆಂಬುದೂ ಇದರಿಂದಲೇ ತಿಳಿಯುತ್ತದೆ. ಹೊಣೆಯ ಬಗ್ಗೆ ದೊಡ್ಡ ತಕರಾರಿಲ್ಲದೆ, ಎಷ್ಟು ಮತ್ತು ಯಾವಾಗ ಎಂಬುದಷ್ಟೇ ಉಳಿದ ಅಪಘಾತ ಪರಿಹಾರ, ಬ್ಯಾಂಕ್ ಸಾಲ, ಚೆಕ್ ಪ್ರಕರಣಗಳು ಇಲ್ಲಿ ಬೇಗ ಮುಗಿಯುತ್ತವೆ. ರಾಜಿಗೆ ಕಾನೂನೇ ಅವಕಾಶ ಕೊಡದ ಅಪರಾಧಗಳು ಇಲ್ಲಿಗೆ ಬರುವಂತೆಯೇ ಇಲ್ಲ. ದಾಖಲೆ ನಕಲಿಯೆಂಬ ಆರೋಪವಿರುವ ಆಸ್ತಿ ವ್ಯಾಜ್ಯಕ್ಕೆ ಸಾಕ್ಷಿಗಳ ಪಾಟೀಸವಾಲು ಬೇಕು. ಅದಕ್ಕೆ ನ್ಯಾಯಾಲಯವೇ ಸರಿ. ಪಾಲು ವಿಭಜನೆಯ ದಾವೆಯಲ್ಲಿ ಅಣ್ಣತಮ್ಮಂದಿರಷ್ಟೇ ಕೂತು ಸಹಿ ಮಾಡಿ, ಮದುವೆಯಾಗಿ ಹೋದ ಅಕ್ಕನನ್ನು ಕರೆಯದೇ ಬಿಟ್ಟರೆ, ಆ ರಾಜಿ ಅವಳನ್ನು ಕಟ್ಟಿಹಾಕದು. ಮುಗಿಯಿತೆಂದುಕೊಂಡ ವ್ಯಾಜ್ಯ ಅವಳ ಹೆಸರಿನಲ್ಲಿ ಮತ್ತೆ ಆರಂಭವಾಗುತ್ತದೆ.