ಬ್ಯಾಂಡ್ ಹೇಳೋದು ಎಷ್ಟು ಅಂತ, ಎತ್ತ ಅಂತ ಅಲ್ಲ

ನಮ್ಮ ಹಾಸ್ಟೆಲ್‌ಗಳಲ್ಲಿ ಈಗ ಒಂದು ಚಿತ್ರ ಫೋನಿನಿಂದ ಫೋನಿಗೆ ಓಡಾಡ್ತಾ ಇದೆ. ಬೆಲೆಯ ಮೇಲೊಂದು ಗೆರೆ, ಕೆಳಗೊಂದು ಗೆರೆ. ಎರಡೂ ಹತ್ತಿರ ಬಂದು ಬಹುತೇಕ ಒಂದಕ್ಕೊಂದು ತಾಗುವಂತಿರುವ ಜಾಗದಲ್ಲಿ ಕೆಂಪು ವೃತ್ತ. "ಸ್ಕ್ವೀಝ್ ಆಗಿದೆ, ಈಗ ಮೇಲೆ ಹೊಡೀತದ ನೋಡು" ಅನ್ನೋ ಸಂದೇಶ ಜೊತೆಗೆ. ಆ ವಾಕ್ಯದ ಮೊದಲ ಅರ್ಧ ಲೆಕ್ಕ, ಎರಡನೇ ಅರ್ಧ ಆಸೆ ಅಂತ ನಾವು ಹೇಳ್ತೀವಿ. ಇದಕ್ಕೆ ನಂಬಿಕೆ ಬೇಕಿಲ್ಲ, ಮೊದಲ ವರ್ಷದ ಗಣಿತ ಸಾಕು.

ಈ ಬ್ಯಾಂಡ್‌ಗಳನ್ನು 1980ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಜಾನ್ ಬೋಲಿಂಜರ್. ಕಳೆದ 20 ದಿನಗಳ ಮುಕ್ತಾಯದ ಬೆಲೆಗಳ ಸರಾಸರಿ ನಡುವಿನ ಗೆರೆ. ಅದೇ 20 ಬೆಲೆಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದು, ಅದರ ಎರಡು ಪಟ್ಟನ್ನು ಸರಾಸರಿಗೆ ಕೂಡಿಸಿದರೆ ಮೇಲಿನ ಗೆರೆ, ಕಳೆದರೆ ಕೆಳಗಿನ ಗೆರೆ. ಎರಡರ ನಡುವಿನ ಅಗಲವನ್ನು ಅಳೆಯೋದು ಹೀಗೆ:

```
BandWidth = (Upper - Lower) / Middle
```

ಈ ಅಗಲ ಆರು ತಿಂಗಳಲ್ಲೇ ಕನಿಷ್ಠ ಮಟ್ಟಕ್ಕೆ ಬಂದರೆ ಅದನ್ನು ಬೋಲಿಂಜರ್ ಸ್ಕ್ವೀಝ್ ಅಂತ ಕರೆದರು. ಕಣ್ಣಿಗೆ ಕಿರಿದಾಗಿ ಕಂಡರೆ ಸಾಲದು. ಸ್ಕ್ರೀನನ್ನು ಹಿಗ್ಗಿಸಿದರೆ ಯಾವ ಬ್ಯಾಂಡೂ ಅಗಲ, ಕುಗ್ಗಿಸಿದರೆ ಯಾವುದೂ ಕಿರಿದು. ಸಂಖ್ಯೆ ನೋಡಬೇಕು.

ಉದಾಹರಣೆಗೆ ನಮಗೆ ಗೊತ್ತಿರುವ ಬೆಳೆಯನ್ನೇ ತಗೊಳ್ಳೋಣ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಬಂದ ನಮ್ಮಲ್ಲಿ ಅನೇಕರಿಗೆ ಕಬ್ಬಿನ ಜೊತೆ ಅರಿಶಿಣವೂ ಗೊತ್ತು. ಮೇ-ಜೂನ್‌ನಲ್ಲಿ ನಾಟಿ, ಎಂಟೊಂಬತ್ತು ತಿಂಗಳಿಗೆ ಕೀಳೋದು, ಕುದಿಸಿ ಒಣಗಿಸಿ ಪಾಲಿಶ್ ಮಾಡಿ ಸಾಂಗ್ಲಿ ಪೇಟೆಗೆ ಒಯ್ಯೋದು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ರಿ: ದರ ಕ್ವಿಂಟಲ್‌ಗೆ 7,000 ರೂಪಾಯಿ ಸುತ್ತ ನಿಂತಿದೆ, 20 ದಿನಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ಬರೀ 50 ರೂಪಾಯಿ. ಅಂದರೆ ಮೇಲಿನ ಗೆರೆ 7,100, ಕೆಳಗಿನದು 6,900, ಅಗಲ ಸುಮಾರು 2.9 ಶೇಕಡ.

ಮರುದಿನ ದರ ಒಮ್ಮೆಲೇ 7,300ಕ್ಕೆ ಮುಗೀತು ಅನ್ನಿ. ಹಳೆಯ ಒಂದು ದಿನ ಲೆಕ್ಕದಿಂದ ಹೋಗಿ ಈ ದಿನ ಒಳಗೆ ಬರ್ತದೆ. ಉಳಿದ 19 ದಿನಗಳ ಸರಾಸರಿ, ಏರಿಳಿತ ಮೊದಲಿನಂತೆಯೇ ಇದ್ದರೆ ಹೊಸ ಸರಾಸರಿ 7,015, ಸ್ಟ್ಯಾಂಡರ್ಡ್ ಡೀವಿಯೇಶನ್ ಸುಮಾರು 81.5. ಬ್ಯಾಂಡ್ ಈಗ 6,852ರಿಂದ 7,178. ಅಗಲ 4.6 ಶೇಕಡ ದಾಟಿತು. ಇಲ್ಲೊಂದು ವಿಚಿತ್ರ ನೋಡ್ರಿ: ದರ ಏರಿದೆ, ಆದರೆ ಕೆಳಗಿನ ಗೆರೆ 6,900ರಿಂದ 6,852ಕ್ಕೆ ಇಳಿದಿದೆ!

ಈಗ ದರ 7,300ರ ಬದಲು 6,700ಕ್ಕೆ ಬಿದ್ದಿತ್ತು ಅಂದ್ಕೊಳ್ಳಿ. ಲೆಕ್ಕ ಮಾಡಿದರೆ ಸ್ಟ್ಯಾಂಡರ್ಡ್ ಡೀವಿಯೇಶನ್ ಮತ್ತೆ ಅದೇ 81.5. ಅಗಲವೂ ಹೆಚ್ಚುಕಡಿಮೆ ಅಷ್ಟೇ. ಯಾಕಂದ್ರೆ ಸೂತ್ರದಲ್ಲಿ ಪ್ರತಿ ವ್ಯತ್ಯಾಸವನ್ನೂ ವರ್ಗ ಮಾಡ್ತೀವಿ. ಹೊಸ ಸರಾಸರಿಯಿಂದ +285 ಇರಲಿ, −285 ಇರಲಿ, ವರ್ಗ 81,225. ಚಿಹ್ನೆ ಅಲ್ಲೇ ಸತ್ತುಹೋಯ್ತು. ಒಳಗೆ ಹಾಕುವಾಗಲೇ ದಿಕ್ಕನ್ನು ಅಳಿಸಿದ ಅಳತೆಯಿಂದ ಆಮೇಲೆ ದಿಕ್ಕು ಹೇಗೆ ಹೊರಗೆ ಬರಬೇಕು? ಸ್ಕ್ವೀಝ್ ನೋಡಿ "ಮೇಲೆ" ಅನ್ನುವವರು ಆ ಮಾತನ್ನು ಬೇರೆ ಎಲ್ಲಿಂದಲೋ ತಂದಿರ್ತಾರೆ. ಬ್ಯಾಂಡ್ ಅದನ್ನು ಹೇಳಿಲ್ಲ.

ಹಾಗಾದರೆ ಕಿರಿದಾದದ್ದು ಅಗಲ ಆಗ್ತದೆ ಅನ್ನೋದಕ್ಕಾದರೂ ಆಧಾರ ಇದೆಯಾ? ಇದೆ, ಆದರೆ ಜನ ಅಂದುಕೊಂಡಷ್ಟು ಗಟ್ಟಿ ಅಲ್ಲ. 1963ರಲ್ಲಿ ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ಹತ್ತಿಯ ಬೆಲೆಗಳನ್ನು ಅಧ್ಯಯನ ಮಾಡಿ, ದೊಡ್ಡ ಬದಲಾವಣೆಯ ಹಿಂದೆ ದೊಡ್ಡದು, ಸಣ್ಣದರ ಹಿಂದೆ ಸಣ್ಣದು ಬರುವ ರೂಢಿ ಇದೆ ಅಂತ ಗುರುತಿಸಿದರು, ಏರಿಕೆ ಇಳಿಕೆ ಯಾವುದೇ ಆಗಿರಲಿ. ಇದನ್ನು ಹಾಗೇ ಓದಿದರೆ ಶಾಂತವಾದ ದಿನದ ಮರುದಿನ ಮತ್ತೊಂದು ಶಾಂತ ದಿನ ಬರುವ ಸಾಧ್ಯತೆಯೇ ಜಾಸ್ತಿ! ಏರಿಳಿತ ಕೊನೆಗೆ ತನ್ನ ಸಾಮಾನ್ಯ ಮಟ್ಟಕ್ಕೆ ಮರಳುತ್ತದೆ ನಿಜ, ಆದರೆ ನಿಧಾನವಾಗಿ. ಹಾಗಾಗಿ ಇವತ್ತು ಆರು ತಿಂಗಳ ಕನಿಷ್ಠ ಅಗಲ ಮುಟ್ಟಿದ ಬ್ಯಾಂಡ್ ನಾಳೆ ಇನ್ನೂ ಕಿರಿದಾಗಬಹುದು, ಎರಡು ವಾರ ಹಾಗೇ ಇರಬಹುದು. ಹಳೆ ಚಾರ್ಟಿನಲ್ಲಿ ಕೆಂಪು ವೃತ್ತ ಹಾಕೋದು ಸುಲಭ, ಯಾಕಂದ್ರೆ ಎಲ್ಲಿ ಕಿರಿದಾಗೋದು ನಿಂತಿತು ಅಂತ ಆಗಲೇ ಗೊತ್ತು.

ನಿಜವಾದ ಅರಿಶಿಣದ ಕಥೆಯಲ್ಲಿ ಎರಡೂ ದಿಕ್ಕುಗಳಿವೆ. 2023ರ ಮೊದಲ ತಿಂಗಳುಗಳಲ್ಲಿ ದರ ಏಳು ಸಾವಿರದ ಆಸುಪಾಸಿನಲ್ಲಿ ತೆವಳುತ್ತಿತ್ತು. ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ನಾಟಿ ಕಡಿಮೆಯಾಗುವ ಸುದ್ದಿ ಜೊತೆಗೆ ಬಂತು. ಆಗಸ್ಟ್ ಹೊತ್ತಿಗೆ ವಾಯದಾ ದರ ದುಪ್ಪಟ್ಟಾಗಿತ್ತು. ಆದರೆ 2010ರ ಕೊನೆಗೆ ಹದಿನೈದು ಸಾವಿರ ದಾಟಿದ್ದ ಅದೇ ಅರಿಶಿಣ 2011 ಮುಗಿಯುವಷ್ಟರಲ್ಲಿ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಎರಡೂ ಸಲ ದರವನ್ನು ಎಳೆದದ್ದು ಮಳೆ, ನಾಟಿ, ದಾಸ್ತಾನು. ಇವು ಯಾವುವೂ 20 ದಿನಗಳ ಮುಕ್ತಾಯದ ಬೆಲೆಯ ಒಳಗೆ ಕೂತಿರೋದಿಲ್ಲ.

ಬೆಲೆ ಗೆರೆ ದಾಟಿದ ಮೇಲಾದರೂ ದಿಕ್ಕು ಗೊತ್ತಾಯ್ತಲ್ಲ ಅಂತ ನೀವು ಕೇಳಬಹುದು. ಅಲ್ಲೂ ಒಂದು ಹೊಂಡ ಇದೆ. ಸ್ಕ್ವೀಝ್ ನಂತರ ಬೆಲೆ ಮೊದಲು ಒಂದು ಕಡೆ ಹಾರಿದಂತೆ ಮಾಡಿ, ತಿರುಗಿ ಇನ್ನೊಂದು ಕಡೆ ಓಡುವುದಕ್ಕೆ ಬೋಲಿಂಜರ್ ಅವರೇ "ಹೆಡ್ ಫೇಕ್" ಅಂತ ಹೆಸರಿಟ್ಟು ಎಚ್ಚರಿಸಿದ್ದಾರೆ. ನಮ್ಮ ಲೆಕ್ಕವನ್ನೇ ಮತ್ತೆ ನೋಡಿ: 7,300ರ ಒಂದೇ ದಿನ ಅಗಲವನ್ನು 2.9ರಿಂದ 4.6ಕ್ಕೆ ಒಯ್ದಿತು. ಮರುದಿನ ದರ 7,000ಕ್ಕೆ ವಾಪಸ್ ಬಂದರೂ ಆ ಒಂದು ದಿನ ಲೆಕ್ಕದೊಳಗೆ ಇರುವ ತನಕ ಬ್ಯಾಂಡ್ ಅಗಲವಾಗಿಯೇ ಕಾಣ್ತದೆ, ಅದು ಹೊರಗೆ ಬಿದ್ದ ದಿನ ದಿಢೀರನೆ ಕುಗ್ಗುತ್ತದೆ. ಆದ್ದರಿಂದ ಅಗಲ ಆಯ್ತಾ ಅಂತ ಮಾತ್ರ ಕೇಳಬಾರದು. ಎಷ್ಟು ದಿನಗಳಿಂದ ಆಯ್ತು, ಬೆಲೆ ಗೆರೆಯ ಬಳಿಯೇ ನಿಂತಿದೆಯಾ ಇಲ್ಲ ಒಳಗೆ ಬಂತಾ ಅಂತ ನೋಡಬೇಕು.

ಇದನ್ನೆಲ್ಲ ಬರೆಯೋಕೆ ಕಾರಣ, ದಿಕ್ಕು ಸಿಕ್ಕಿತು ಅಂದುಕೊಂಡವರು ನಮ್ಮ ವಯಸ್ಸಿನವರೇ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಶನ್ಸ್‌ನಲ್ಲಿ ವ್ಯವಹರಿಸಿದ ವೈಯಕ್ತಿಕ ವಹಿವಾಟುದಾರರಲ್ಲಿ 93 ಶೇಕಡ ಮಂದಿ ನಷ್ಟ ಕಂಡರು. 2023-24ರಲ್ಲಿ ಅವರಲ್ಲಿ 43 ಶೇಕಡ ಮಂದಿ 30ರೊಳಗಿನವರು. ಆಪ್ಶನ್ ಕೊಂಡವರಿಗೆ ಇನ್ನೊಂದು ತೊಂದರೆ: ಸ್ಕ್ವೀಝ್ ಎರಡು ವಾರ ಎಳೆದರೆ, ದಿಕ್ಕು ಸರಿ ಇದ್ದರೂ ಪ್ರೀಮಿಯಂ ದಿನದಿನಕ್ಕೆ ಕರಗ್ತಾ ಹೋಗ್ತದೆ.

ಹಾಗಂತ ಸ್ಕ್ವೀಝ್ ಕೆಲಸಕ್ಕೆ ಬಾರದ್ದಲ್ಲ. ಮನೆಯಲ್ಲಿ ಅರಿಶಿಣದ ಚೀಲ ಇಟ್ಟುಕೊಂಡ ರೈತನ ದಿಕ್ಕು ಮೊದಲೇ ನಿಗದಿಯಾಗಿದೆ: ಏರಿದರೆ ಲಾಭ, ಇಳಿದರೆ ನಷ್ಟ. ಅವನಿಗೆ ಇದು ಒಂದು ಉಪಯೋಗದ ಮಾತು ಹೇಳ್ತದೆ: ಈಗಿನ ಶಾಂತಿಯನ್ನು ಶಾಶ್ವತ ಅಂತ ತಿಳೀಬೇಡ, ಸಾಲದ ಕಂತಿಗೆ ಬೇಕಾದಷ್ಟು ಮಾಲು ಈಗಲೇ ಮಾರು, ಉಳಿದದ್ದರ ಮೇಲೆ ಮಾತ್ರ ಕಾಯಿ. ಚಾರ್ಟ್ ನೋಡುವ ನಮಗೂ ಅಷ್ಟೇ: ಹೊಡೆತ ಎಷ್ಟು ದೊಡ್ಡದಿರಬಹುದು ಅಂತ ಲೆಕ್ಕ ಹಾಕಿ ಹಣ ಕಡಿಮೆ ಇಡು ಅನ್ನುವ ಸೂಚನೆ ಅದು. ಇನ್ನು ಮುಂದೆ ಗ್ರೂಪಿನಲ್ಲಿ ಕೆಂಪು ವೃತ್ತ ಬಂದರೆ ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳ್ರಿ: ಅಗಲ ಸರಿ, "ಮೇಲೆ" ಅನ್ನೋದನ್ನ ಎಲ್ಲಿಂದ ತಂದಿ?