ಏರ್ ಇಂಡಿಯಾ 171: ಆ 32 ಸೆಕೆಂಡುಗಳನ್ನು ಒಂದೇ ಗಡಿಯಾರದಲ್ಲಿ ಜೋಡಿಸಿದಾಗ ಕಾಣುವುದೇನು?

ಅಹಮದಾಬಾದ್‌ನಿಂದ ಲಂಡನ್‌ನ ಗ್ಯಾಟ್ವಿಕ್‌ಗೆ ಹೊರಟಿದ್ದ ಏರ್ ಇಂಡಿಯಾ 171 ವಿಮಾನ 2025ರ ಜೂನ್ 12ರಂದು ಪತನಗೊಂಡು 260 ಮಂದಿ ಮೃತಪಟ್ಟರು. ವಿಮಾನದಲ್ಲಿದ್ದ 242 ಮಂದಿಯಲ್ಲಿ ಬದುಕುಳಿದವರು ಒಬ್ಬರೇ. ವಿಮಾನ ಅಪಘಾತ ತನಿಖಾ ಬ್ಯೂರೊ (ಎಎಐಬಿ) ಒಂದು ತಿಂಗಳ ಬಳಿಕ ಪ್ರಾಥಮಿಕ ವರದಿ ಪ್ರಕಟಿಸಿತು. ಅಂದಿನಿಂದಲೂ ಚರ್ಚೆ ಒಂದೇ ಪ್ರಶ್ನೆಯ ಸುತ್ತ ನಡೆಯುತ್ತಿದೆ: ಇಂಧನ ಸ್ವಿಚ್‌ಗಳು 'ಕಟ್‌ಆಫ್' ಸ್ಥಿತಿಗೆ ಹೋದದ್ದು ಹೇಗೆ, ಯಾರಿಂದ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಮೊದಲು ಮಾಡಬೇಕಾದ ಕೆಲಸವೊಂದಿದೆ. ಯಾವುದರ ನಂತರ ಯಾವುದು ಆಯಿತು, ನಡುವೆ ಎಷ್ಟು ಸೆಕೆಂಡು ಎಂಬುದನ್ನು ಒಂದೇ ಗಡಿಯಾರದಲ್ಲಿ, ಒಂದೇ ಅಳತೆಯಲ್ಲಿ ಬರೆದುಕೊಳ್ಳಬೇಕು. ಇದು ಕಾರಕೂನರ ಕೆಲಸದಂತೆ ಕಾಣಬಹುದು. ಆದರೆ ಈ ಪ್ರಕರಣದಲ್ಲಿ ತಪ್ಪು ತಿಳಿವಳಿಕೆ ಹುಟ್ಟಿದ್ದು ಬಹುಪಾಲು ಇಲ್ಲಿಯೇ.

ಒಂದೇ ಕ್ಷಣ, ಮೂರು ಸಮಯ

ವಿಮಾನ ನೆಲ ಬಿಟ್ಟ ನಿಮಿಷವನ್ನು ಎಎಐಬಿ ವರದಿ 08:08 ಎನ್ನುತ್ತದೆ. ಅಹಮದಾಬಾದ್‌ನ ಗಡಿಯಾರದಲ್ಲಿ ಅದು ಮಧ್ಯಾಹ್ನ 1.38. ಜೂನ್‌ನಲ್ಲಿ ಬ್ರಿಟನ್ ಬೇಸಿಗೆ ಸಮಯ ಪಾಲಿಸುವುದರಿಂದ ಲಂಡನ್‌ನಲ್ಲಿ ಅದು ಬೆಳಿಗ್ಗೆ 9.08. ವಿಮಾನಯಾನದ ದಾಖಲೆಗಳೆಲ್ಲ ಇರುವುದು ಅಂತರರಾಷ್ಟ್ರೀಯ ಪ್ರಮಾಣ ಸಮಯವಾದ ಯುಟಿಸಿಯಲ್ಲಿ. ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಯುಟಿಸಿ ಎಂದರೆ ಲಂಡನ್ ಸಮಯ ಎಂದು ಹಲವರು ಭಾವಿಸುತ್ತಾರೆ. ಚಳಿಗಾಲದಲ್ಲಿ ಅದು ಸರಿ, ಬೇಸಿಗೆಯಲ್ಲಿ ಒಂದು ಗಂಟೆಯ ವ್ಯತ್ಯಾಸ ಬೀಳುತ್ತದೆ.

ಇದರ ಜೊತೆಗೆ ನಿಗದಿತ ವೇಳೆಯೂ ಇದೆ. ವಿಮಾನ ಹೊರಡಬೇಕಿದ್ದುದು 1.10ಕ್ಕೆ. ಆದರೆ ರನ್‌ವೇಯಲ್ಲಿ ಅದು ಓಡಲಾರಂಭಿಸಿದ್ದು 1.37ರ ನಂತರ. ನಿಗದಿತ ವೇಳೆಯನ್ನೇ ಹಾರಿದ ವೇಳೆ ಎಂದುಕೊಂಡರೆ, ವಿಮಾನ ಅರ್ಧ ಗಂಟೆ ಆಕಾಶದಲ್ಲಿತ್ತು ಎಂಬ ಅಸಂಬದ್ಧ ಲೆಕ್ಕ ಬರುತ್ತದೆ.

'ನಿಖರವಾಗಿ ಒಂದು ನಿಮಿಷ' ಅಲ್ಲ

ದುರಂತದ ಎರಡು ದಿನಗಳ ನಂತರ ನಾಗರಿಕ ವಿಮಾನಯಾನ ಕಾರ್ಯದರ್ಶಿ ಸುದ್ದಿಗೋಷ್ಠಿಯಲ್ಲಿ ವಿವರ ನೀಡಿದ್ದರು. ವಿಮಾನ 1.39ಕ್ಕೆ ಹಾರಿತು, ಸುಮಾರು 650 ಅಡಿ ಏರಿ ಕೆಳಗಿಳಿಯತೊಡಗಿತು, 1.39ಕ್ಕೆ ಪೈಲಟ್ 'ಮೇಡೇ' ಸಂದೇಶ ಕಳಿಸಿದರು, ಅದಾಗಿ ಸರಿಯಾಗಿ ಒಂದು ನಿಮಿಷಕ್ಕೆ ವಿಮಾನ ನಿಲ್ದಾಣದಿಂದ ಸುಮಾರು 2 ಕಿ.ಮೀ. ದೂರದ ಮೇಘಾಣಿನಗರದಲ್ಲಿ ಬಿತ್ತು ಎಂಬುದು ಅದರ ಸಾರ.

ಬ್ಲ್ಯಾಕ್‌ಬಾಕ್ಸ್ ಓದಿದ ನಂತರದ ಚಿತ್ರ ಬೇರೆ. ಎಎಐಬಿ ವರದಿಯ ಯುಟಿಸಿ ಸಮಯಗಳಿಗೆ ಐದೂವರೆ ಗಂಟೆ ಸೇರಿಸಿ, 24 ಗಂಟೆಗಳ ಮಾದರಿಯಲ್ಲಿ ಸೆಕೆಂಡಿನವರೆಗೆ ಬರೆದರೆ, ನಾಟ್‌ನಲ್ಲಿರುವ ವೇಗವನ್ನು ಗಂಟೆಗೆ ಕಿಲೋಮೀಟರ್‌ಗೆ ತಂದರೆ, ಅನುಕ್ರಮ ಹೀಗಾಗುತ್ತದೆ:

- 13:37:33 – ಹಾರಲು ಅನುಮತಿ
- 13:37:37 – ರನ್‌ವೇಯಲ್ಲಿ ಓಟ ಆರಂಭ
- 13:38:33 – ವೇಗ 283 ಕಿ.ಮೀ. (153 ನಾಟ್), ಇನ್ನು ಟೇಕಾಫ್ ಕೈಬಿಡುವಂತಿಲ್ಲ
- 13:38:39 – ಚಕ್ರಗಳು ನೆಲ ಬಿಟ್ಟವು
- ಸುಮಾರು 13:38:42 – ಗರಿಷ್ಠ ವೇಗ 333 ಕಿ.ಮೀ. (180 ನಾಟ್)
- ಸಮಯ ನಮೂದಿಲ್ಲ, 'ಅದಾದ ತಕ್ಷಣ' – ಎರಡೂ ಇಂಧನ ಸ್ವಿಚ್‌ಗಳು ಒಂದು ಸೆಕೆಂಡಿನ ಅಂತರದಲ್ಲಿ ಕಟ್‌ಆಫ್‌ಗೆ
- ಸಮಯ ನಮೂದಿಲ್ಲ – ಪೈಲಟ್‌ಗಳ ಮಾತುಕತೆ
- ಸುಮಾರು 13:38:47 – ತುರ್ತು ಗಾಳಿಚಕ್ರದ (ರ‍್ಯಾಟ್) ಪಂಪ್ ಕೆಲಸ ಆರಂಭ
- ಸುಮಾರು 13:38:52 – ಎಂಜಿನ್ 1ರ ಸ್ವಿಚ್ ಮತ್ತೆ 'ರನ್'ಗೆ
- ಸುಮಾರು 13:38:56 – ಎಂಜಿನ್ 2ರ ಸ್ವಿಚ್ ಮತ್ತೆ 'ರನ್'ಗೆ
- ಸುಮಾರು 13:39:05 – ಮೇಡೇ ಕರೆ
- 13:39:11 – ದಾಖಲೆ ನಿಂತಿತು
- 13:44:44 – ಅಗ್ನಿಶಾಮಕ ವಾಹನ ನಿಲ್ದಾಣದಿಂದ ಹೊರಕ್ಕೆ

ಮೇಡೇ ಕರೆಗೂ ದಾಖಲೆ ನಿಂತದ್ದಕ್ಕೂ ನಡುವೆ ಇರುವುದು ಸುಮಾರು 6 ಸೆಕೆಂಡು. ನೆಲ ಬಿಟ್ಟಲ್ಲಿಂದ ಲೆಕ್ಕ ಹಾಕಿದರೂ ಒಟ್ಟು 32 ಸೆಕೆಂಡು. ಮೊದಲ ಹೇಳಿಕೆ ಬಂದಾಗ ಬ್ಲ್ಯಾಕ್‌ಬಾಕ್ಸ್‌ನ ಮಾಹಿತಿ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಜೊತೆಗೆ ನಿಮಿಷದ ಮಟ್ಟದಲ್ಲಿ ಬರೆದ ಸಮಯಗಳಿಂದ ಸೆಕೆಂಡುಗಳ ಅಂತರ ತೆಗೆಯಲು ಬರುವುದೂ ಇಲ್ಲ. 13:38:39 ಅನ್ನು ಹತ್ತಿರದ ನಿಮಿಷಕ್ಕೆ ತಂದರೆ 1.39 ಆಗುತ್ತದೆ. ಮೇಡೇ ಕೂಡ 1.39, ಪತನವೂ 1.39. ಮೂರೂ ಒಂದೇ ಸಂಖ್ಯೆಯಾದಾಗ ನಡುವಿನ ಅಂತರವನ್ನು ಊಹೆ ತುಂಬುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. ಮೇಡೇ ನಂತರ ಒಂದು ನಿಮಿಷ ಇತ್ತು ಎಂದರೆ ಕೇಳುಗರಿಗೆ ಸಹಜವಾಗಿ ಬರುವ ಪ್ರಶ್ನೆ: ಅಷ್ಟು ಹೊತ್ತು ಪೈಲಟ್‌ಗಳು ಏನು ಮಾಡುತ್ತಿದ್ದರು? ಆರು ಸೆಕೆಂಡು ಎಂದರೆ ಆ ಪ್ರಶ್ನೆಯೇ ಏಳುವುದಿಲ್ಲ. ಅನುಕ್ರಮ ಇನ್ನೂ ಒಂದು ವಿಷಯ ಹೇಳುತ್ತದೆ. ಎರಡೂ ಸ್ವಿಚ್‌ಗಳನ್ನು 'ರನ್'ಗೆ ತಂದ ನಂತರವೇ ಮೇಡೇ ಕರೆ ಹೋಗಿದೆ.

ಅಡಿ ಮತ್ತು ಮೈಲಿಯ ಗೊಂದಲ

ಎತ್ತರದ ವಿಚಾರದಲ್ಲೂ ಇದೇ ಕಥೆ. ವಿಮಾನಗಳ ಜಾಡು ಹಿಡಿಯುವ ಫ್ಲೈಟ್‌ರಾಡಾರ್24 ಜಾಲತಾಣ ತನಗೆ ಸಿಕ್ಕ ಕೊನೆಯ ಸಂಕೇತದಲ್ಲಿ 625 ಅಡಿ ಎಂದಿತ್ತು. ಬಹುತೇಕ ಸುದ್ದಿಗಳಲ್ಲಿ ಅದು 'ನೆಲದಿಂದ 625 ಅಡಿ ಮೇಲೆ' ಎಂದಾಯಿತು. ಆದರೆ ಆ ಸಂಖ್ಯೆ ಗಾಳಿಯ ಒತ್ತಡದಿಂದ ಲೆಕ್ಕ ಹಾಕಿದ್ದು. ಸಮುದ್ರಮಟ್ಟದ ಒತ್ತಡ 1013.25 ಹೆಕ್ಟೊಪಾಸ್ಕಲ್ ಎಂದು ಅದು ಮೊದಲೇ ಭಾವಿಸಿಕೊಂಡಿರುತ್ತದೆ. ಅಹಮದಾಬಾದ್ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 200 ಅಡಿ ಮೇಲಿದೆ. ಜೂನ್ ತಿಂಗಳ ಬಿಸಿಯಲ್ಲಿ ಒತ್ತಡ ಪ್ರಮಾಣಕ್ಕಿಂತ ಕಡಿಮೆ ಇರುವುದರಿಂದ ಒಂದೊಂದು ಹೆಕ್ಟೊಪಾಸ್ಕಲ್‌ಗೆ ಇನ್ನೂ ಸುಮಾರು 27 ಅಡಿ ಕಳೆಯಬೇಕು. ಇವೆರಡನ್ನೂ ಕಳೆದರೆ ನೆಲದಿಂದ ಇದ್ದ ನಿಜವಾದ ಎತ್ತರ 625 ಅಡಿಗಿಂತ ಬಹಳ ಕಡಿಮೆ.

ಆ ಕೊನೆಯ ಸಂಕೇತದ ಸಮಯ 13:38:51. ಅದನ್ನೇ ಪತನದ ಸಮಯವೆಂದು ಓದಿದವರೂ ಇದ್ದರು. ಮೇಲಿನ ಪಟ್ಟಿಯಲ್ಲಿ ಇಟ್ಟು ನೋಡಿದರೆ ವಿಮಾನದ ದಾಖಲೆ ಅದಾಗಿ ಇನ್ನೂ 20 ಸೆಕೆಂಡು ಮುಂದುವರಿದಿದೆ. ಸಂಕೇತ ನಿಂತದ್ದು ಬೇರೆ, ವಿಮಾನ ಬಿದ್ದದ್ದು ಬೇರೆ.

ದೂರಕ್ಕೂ ಎಲ್ಲಿಂದ ಅಳೆದದ್ದು ಎಂಬ ಪ್ರಶ್ನೆ ಇದೆ. ವಿಮಾನ ಅಪ್ಪಳಿಸಿದ ಬಿ.ಜೆ. ವೈದ್ಯಕೀಯ ಕಾಲೇಜಿನ ವಸತಿ ಸಮುಚ್ಚಯ ರನ್‌ವೇ ತುದಿಯಿಂದ 0.9 ನಾಟಿಕಲ್ ಮೈಲಿ ದೂರದಲ್ಲಿದೆ. ಒಂದು ನಾಟಿಕಲ್ ಮೈಲಿ 1,852 ಮೀಟರ್. ಅಂದರೆ ಸುಮಾರು 1.7 ಕಿ.ಮೀ. ರಸ್ತೆಯ ಮೈಲಿ ಎಂದುಕೊಂಡು ಪರಿವರ್ತಿಸಿದರೆ 1.4 ಕಿ.ಮೀ. ಬರುತ್ತದೆ, ಅದು ತಪ್ಪು.

ಗಡಿಯಾರಗಳನ್ನು ಹೊಂದಿಸುವುದು ಹೇಗೆ?

ತನಿಖಾಧಿಕಾರಿಗಳ ಮುಂದೆ ಇರುವುದು ಒಂದೇ ಗಡಿಯಾರವಲ್ಲ. ವಿಮಾನದ ರೆಕಾರ್ಡರ್, ನಿಯಂತ್ರಣ ಗೋಪುರದ ಧ್ವನಿಮುದ್ರಿಕೆ ಮತ್ತು ನಿಲ್ದಾಣದ ಸಿಸಿಟಿವಿಗೆ ತಂತಮ್ಮದೇ ಸಮಯ ಇರುತ್ತದೆ. ಸಿಸಿಟಿವಿಯ ಮೂಲೆಯಲ್ಲಿ ಕಾಣುವ ಸಮಯ ನಿಮಿಷಗಟ್ಟಲೆ ಮುಂದೋ ಹಿಂದೋ ಇರುವುದು ಸಾಮಾನ್ಯ.

ಇದಕ್ಕೆ ಪರಿಹಾರ, ಎರಡು ದಾಖಲೆಗಳಲ್ಲೂ ಬಿದ್ದಿರುವ ಒಂದೇ ಘಟನೆಯನ್ನು ಹಿಡಿಯುವುದು. ಮೇಡೇ ಕರೆ ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲೂ ಗೋಪುರದ ಮುದ್ರಿಕೆಯಲ್ಲೂ ಇರುತ್ತದೆ. ಚಕ್ರ ನೆಲ ಬಿಟ್ಟ ಕ್ಷಣ ಸಿಸಿಟಿವಿಯಲ್ಲೂ ವಿಮಾನದ ಸೆನ್ಸರ್‌ನಲ್ಲೂ ಸಿಗುತ್ತದೆ. ಉದಾಹರಣೆಗೆ, ಒಂದು ಕ್ಯಾಮೆರಾದಲ್ಲಿ ವಿಮಾನ ನೆಲ ಬಿಟ್ಟದ್ದು 13:40:10ಕ್ಕೆ ಎಂದು ಕಂಡಿತು ಎಂದುಕೊಳ್ಳೋಣ. ಸೆನ್ಸರ್ ಪ್ರಕಾರ ಅದು 13:38:39. ಹಾಗಾದರೆ ಆ ಕ್ಯಾಮೆರಾ 91 ಸೆಕೆಂಡು ಮುಂದಿದೆ, ಅದರ ಎಲ್ಲ ಸಮಯಗಳಿಂದ 91 ಕಳೆಯಬೇಕು. ಇನ್ನೊಂದು ಸಮಾನ ಘಟನೆಯಲ್ಲೂ 91 ಸೆಕೆಂಡೇ ಬಂದರೆ ಹೊಂದಾಣಿಕೆ ಸರಿ. ಬೇರೆ ಸಂಖ್ಯೆ ಬಂದರೆ ಎಲ್ಲೋ ಎಡವಟ್ಟಾಗಿದೆ.

ಹೀಗೆ ಹೊಂದಿಸಿದ ಮೇಲೂ ಮೂಲ ಸಮಯವನ್ನು ಅಳಿಸಬಾರದು. ಪರಿವರ್ತಿಸಿದ ಸಮಯದ ಪಕ್ಕದಲ್ಲೇ ಅದು ಇದ್ದರೆ ಲೆಕ್ಕವನ್ನು ಯಾರಾದರೂ ಮರುಪರಿಶೀಲಿಸಬಹುದು.

ಎರಡು ಖಾಲಿ ಜಾಗಗಳು

ಮೇಲಿನ ಪಟ್ಟಿಯಲ್ಲಿ ಎರಡು ಸಾಲುಗಳಿಗೆ ಸಮಯವಿಲ್ಲ. ಇಡೀ ವಿವಾದ ನಿಂತಿರುವುದು ಆ ಎರಡರ ಮೇಲೆಯೇ.

ಮೊದಲನೆಯದು ಸ್ವಿಚ್‌ಗಳು ಕಟ್‌ಆಫ್‌ಗೆ ಹೋದ ಕ್ಷಣ. ಗರಿಷ್ಠ ವೇಗಕ್ಕೆ ಸುಮಾರು 08:08:42 ಎಂದು ಸಮಯ ಕೊಟ್ಟ ವರದಿ, ಸ್ವಿಚ್‌ಗಳ ಬಗ್ಗೆ 'ಅದಾದ ತಕ್ಷಣ' ಎಂದಷ್ಟೇ ಹೇಳುತ್ತದೆ. ಮಾಧ್ಯಮಗಳಲ್ಲಿ ಬಂದ 'ಹತ್ತು ಸೆಕೆಂಡು ಇಂಧನ ನಿಂತಿತ್ತು' ಎಂಬ ಮಾತು 52ರಿಂದ 42 ಕಳೆದು ಬಂದದ್ದು. ಎರಡೂ ತುದಿಗಳು 'ಸುಮಾರು' ಆಗಿರುವಾಗ ಉತ್ತರವೂ 'ಸುಮಾರು ಹತ್ತು' ಆಗಬೇಕೇ ಹೊರತು ಹತ್ತು ಅಲ್ಲ. ಸ್ವಿಚ್‌ಗಳ ನಡುವಿನ 'ಒಂದು ಸೆಕೆಂಡ್' ಅಂತರಕ್ಕೂ ಇದೇ ಎಚ್ಚರ ಬೇಕು. ರೆಕಾರ್ಡರ್ ಪ್ರತಿ ಸಂಕೇತವನ್ನು ನಿರಂತರವಾಗಿ ಬರೆಯುವುದಿಲ್ಲ, ನಿಗದಿತ ಅವಧಿಗೊಮ್ಮೆ ನೋಡಿ ಬರೆಯುತ್ತದೆ. ಸೆಕೆಂಡಿಗೊಮ್ಮೆ ನೋಡುವ ಸಂಕೇತವಾದರೆ, ದಾಖಲೆಯಲ್ಲಿ ಒಂದು ಸೆಕೆಂಡ್ ಎಂದು ಕಾಣುವ ಅಂತರ ನಿಜದಲ್ಲಿ ಸೊನ್ನೆಗೆ ಹತ್ತಿರವೂ ಇರಬಹುದು, ಎರಡಕ್ಕೆ ಹತ್ತಿರವೂ ಇರಬಹುದು. ಈ ಸಂಕೇತವನ್ನು ಎಷ್ಟು ಅವಧಿಗೊಮ್ಮೆ ದಾಖಲಿಸಲಾಗಿದೆ ಎಂಬುದನ್ನು ಪ್ರಾಥಮಿಕ ವರದಿ ಹೇಳಿಲ್ಲ. ಒಂದೇ ಕೈ ಎರಡು ಸ್ವಿಚ್‌ಗಳನ್ನು ಎತ್ತಿ ಇಳಿಸಲು ಅಷ್ಟು ಸಮಯ ಸಾಕೇ ಎಂಬ ವಾದಗಳೆಲ್ಲ ಈ ವಿವರಕ್ಕಾಗಿ ಕಾಯಲೇಬೇಕು.

ಎರಡನೆಯದು ಕಾಕ್‌ಪಿಟ್ ಮಾತುಕತೆ. ಏಕೆ ಕಟ್‌ಆಫ್ ಮಾಡಿದಿರಿ ಎಂದು ಒಬ್ಬ ಪೈಲಟ್ ಕೇಳಿದ್ದು, ತಾನು ಮಾಡಿಲ್ಲ ಎಂದು ಇನ್ನೊಬ್ಬರು ಹೇಳಿದ್ದು ವರದಿಯಲ್ಲಿದೆ. ಕೇಳಿದವರು ಯಾರು, ಉತ್ತರಿಸಿದವರು ಯಾರು ಎಂದಿಲ್ಲ. ಯಾವ ಸೆಕೆಂಡಿನಲ್ಲಿ ಎಂದೂ ಇಲ್ಲ. ಸ್ವಿಚ್ ಬದಲಾದ ಮರುಕ್ಷಣವೇ ಈ ಪ್ರಶ್ನೆ ಬಂದಿದ್ದರೆ, ಕೇಳಿದವರು ಸ್ವಿಚ್‌ನ ಚಲನೆಯನ್ನೇ ಕಂಡಿರುವ ಸಾಧ್ಯತೆ ಹೆಚ್ಚು. ಹಲವು ಸೆಕೆಂಡು ಬಿಟ್ಟು ಬಂದಿದ್ದರೆ, ಎಂಜಿನ್ ಬಲ ಕುಗ್ಗಿದ ಮೇಲೆ ಕಾರಣ ಹುಡುಕುತ್ತ ಸ್ವಿಚ್ ನೋಡಿದ್ದಿರಬಹುದು. ಈ ಎರಡು ಸಾಧ್ಯತೆಗಳು ಎರಡು ಬೇರೆ ಕಥೆಗಳನ್ನು ಹೇಳುತ್ತವೆ. ವರದಿ ಹೊರಬಂದ ಬಳಿಕ ಅನೇಕ ಗ್ರಾಫಿಕ್ಸ್‌ಗಳು ಈ ಮಾತನ್ನು 42 ಮತ್ತು 47ರ ನಡುವೆ ತಂದಿಟ್ಟವು. ಅದು ವರದಿಯಲ್ಲಿ ಇಲ್ಲದ ಸ್ಥಾನ.

ಮೃತ ಕ್ಯಾಪ್ಟನ್‌ರ ತಂದೆ ಈ ವಿಚಾರವನ್ನು ಸುಪ್ರೀಂ ಕೋರ್ಟ್‌ವರೆಗೆ ಒಯ್ದರು. ಪೈಲಟ್‌ರನ್ನು ಯಾರೂ ದೂಷಿಸುವಂತಿಲ್ಲ ಎಂದು 2025ರ ನವೆಂಬರ್‌ನಲ್ಲಿ ನ್ಯಾಯಪೀಠ ಅವರಿಗೆ ಹೇಳಿತು. ಪ್ರಾಥಮಿಕ ವರದಿ ಕೂಡ ಸ್ವಿಚ್‌ಗಳು ಸ್ಥಿತಿ ಬದಲಿಸಿದವು ಎಂದಷ್ಟೇ ಹೇಳುತ್ತದೆ, ಯಾರೋ ಬದಲಿಸಿದರು ಎನ್ನುವುದಿಲ್ಲ.

ಆದ್ದರಿಂದ ತನಿಖೆಯ ಅಂತಿಮ ವರದಿಯಲ್ಲಿ ಮೊದಲು ಹುಡುಕಬೇಕಾದುದು ತೀರ್ಮಾನದ ಸಾಲನ್ನಲ್ಲ, ಮೂರು ಸಮಯಗಳನ್ನು: ಪ್ರತಿ ಸ್ವಿಚ್ ಕಟ್‌ಆಫ್‌ಗೆ ಹೋದ ಕ್ಷಣ, ಅದರ ದಾಖಲಾತಿಯ ಅವಧಿ ಮತ್ತು ಆ ಪ್ರಶ್ನೆ ಕೇಳಿಬಂದ ಸೆಕೆಂಡ್. ಅವು ಸಿಗುವವರೆಗೆ ಪಟ್ಟಿಯಲ್ಲಿ ಆ ಜಾಗಗಳು ಖಾಲಿಯೇ ಇರಬೇಕು.