ವರದಿಗಾರ ಯಾರು? ಎರಡು ಸಾಲಲ್ಲಿ ಹೇಳಿ

ಕಬ್ಬಿನ ಹಂಗಾಮು ಬಂತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಪತ್ರಿಕೆ ತೆರೆದವರ ಕಣ್ಣು ಮೊದಲು ದರದ ಮೇಲೆ ಬೀಳುತ್ತದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಶೀರ್ಷಿಕೆಗೆ ಇಷ್ಟು ಸಾಕು, ರೈತನಿಗೆ ಸಾಲದು.

ಆ ದರ ಶೇ 10.25ರ ಸಕ್ಕರೆ ಇಳುವರಿಗೆ ಮಾತ್ರ. ಇಳುವರಿ ಇಳಿದರೆ ಒಂದು ಮಿತಿಯವರೆಗೆ ದರವೂ ಇಳಿಯುತ್ತದೆ. ಅದರಲ್ಲೇ ಕಟಾವು ಮತ್ತು ಸಾಗಣೆಯ ವೆಚ್ಚ ಕಳೆದು ಉಳಿದದ್ದು ರೈತನ ಖಾತೆಗೆ ಬರುತ್ತದೆ. ಹಾಗಾಗಿ ಸುದ್ದಿಯಲ್ಲಿರುವ ಅಂಕಿ ವೆಚ್ಚ ಕಳೆಯುವ ಮೊದಲಿನದೋ, ಕಳೆದ ನಂತರದ್ದೋ ಎಂಬುದನ್ನು ವರದಿಗಾರ ಹೇಳಲೇಬೇಕು. ಹೇಳದಿದ್ದರೆ ಟನ್ನಿಗೆ ನೂರಾರು ರೂಪಾಯಿಯ ಗೊಂದಲ ನಮ್ಮ ತಲೆಗೆ ಬರುತ್ತದೆ.

ಇಂಥ ಸುದ್ದಿ ಬರೆದವರು ಯಾರೆಂದು ಕೆಳಗೆ ನೋಡಿದರೆ ‘ನಮ್ಮ ಪ್ರತಿನಿಧಿಯಿಂದ’ ಎಂದಿರುತ್ತದೆ. ಹೆಸರಿದ್ದರೂ ಅದರ ಜೊತೆಗೆ ‘ಹಿರಿಯ ಪತ್ರಕರ್ತರು, 15 ವರ್ಷಗಳ ಅನುಭವ, ಹಲವು ಪ್ರಶಸ್ತಿ ಪುರಸ್ಕೃತರು’ ಎಂಬಷ್ಟೇ ಪರಿಚಯ. ಯಾವುದರಲ್ಲಿ ಅನುಭವ, ಎಲ್ಲಿ, ಯಾರು ಕೊಟ್ಟ ಪ್ರಶಸ್ತಿ ಎಂಬುದನ್ನು ಓದುಗರೇ ಊಹಿಸಬೇಕು.

ಪತ್ರಿಕೆಯ ಮೇಲೆ ಮುದ್ರಕ, ಪ್ರಕಾಶಕರ ಹೆಸರು ಇರಲೇಬೇಕೆಂದು 1867ರ ಕಾಯ್ದೆಯ ಕಾಲದಿಂದ ನಡೆದು ಬಂದಿದೆ. ಸ್ಥಳಕ್ಕೆ ಹೋಗಿ ಸುದ್ದಿ ತಂದವರ ಬಗ್ಗೆ ಅಂಥ ಕಡ್ಡಾಯವಿಲ್ಲ. ನಮಗೆ ಹೆಚ್ಚು ಬೇಕಾಗಿರುವುದು ಅವರ ಗುರುತೇ.

ಆ ಗುರುತನ್ನು ಎರಡು ಸಾಲಿನಲ್ಲಿ ಹೇಳುವುದಾದರೆ ಅದರಲ್ಲಿ ಏನಿರಬೇಕು? ಒಂದು ಮಾದರಿ ಬರೆದು ನೋಡೋಣ, ವ್ಯಕ್ತಿ ಕಾಲ್ಪನಿಕ:

‘2011ರಿಂದ ಅಥಣಿ, ಕಾಗವಾಡ, ರಾಯಬಾಗ ಭಾಗದ ಕಬ್ಬಿನ ದರ, ಕಾರ್ಖಾನೆ ಬಾಕಿ, ಕೃಷ್ಣಾ ಪ್ರವಾಹದ ವರದಿಗಾರರು, ವಾಸ ಅಥಣಿ.
2019 ಮತ್ತು 2021ರ ನೆರೆ ಪರಿಹಾರದ ಪಟ್ಟಿಗಳನ್ನು ಊರೂರಿಗೆ ಹೋಗಿ ತಾಳೆ ನೋಡಿ ಬರೆದವರು. ಕುಟುಂಬಕ್ಕೆ ಕಬ್ಬಿನ ಹೊಲವಿದೆ, ಸಹಕಾರಿ ಕಾರ್ಖಾನೆಯೊಂದರ ಷೇರಿದೆ.’

ಮೊದಲ ಸಾಲಿನಲ್ಲಿ ಇಸವಿ ಇದೆ, ‘ಹಲವು ವರ್ಷ’ ಇಲ್ಲ. ಇಸವಿಯನ್ನು ಪರೀಕ್ಷಿಸಬಹುದು. ಉದಾಹರಣೆಗೆ, ನಿಪ್ಪಾಣಿ, ಕಾಗವಾಡ ತಾಲ್ಲೂಕುಗಳಾದದ್ದು 2018ರಲ್ಲಿ; ಅದಕ್ಕೂ ಮೊದಲು ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿತ್ತು. ‘ಇಪ್ಪತ್ತು ವರ್ಷದಿಂದ ಕಾಗವಾಡ ತಾಲ್ಲೂಕು ವರದಿಗಾರ’ ಎಂದು ಬರೆದುಕೊಂಡವರಿಗೆ ಆ ತಾಲ್ಲೂಕಿನ ವಯಸ್ಸೇ ಗೊತ್ತಿಲ್ಲ.

ಕ್ಷೇತ್ರದ ಹೆಸರೂ ಬೇಕು. ಮಳೆಗಾಲದಲ್ಲಿ ‘ಕೃಷ್ಣೆಗೆ ಇಷ್ಟು ಕ್ಯುಸೆಕ್’ ಎಂದು ಬರುತ್ತದೆ. ಅದು ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಬಿಟ್ಟದ್ದೋ, ದೂಧಗಂಗೆಯ ನೀರೂ ಸೇರಿ ಕಲ್ಲೋಳದ ಹತ್ತಿರ ಹರಿಯುವುದೋ ಎಂಬುದು ನದಿಯ ಸುದ್ದಿ ಬರೆದು ಪಳಗಿದವರಿಗೆ ಗೊತ್ತಿರುತ್ತದೆ. ನದಿ ದಂಡೆಯವರು ದನಕರು ಬಿಚ್ಚಿಕೊಂಡು ಹೊರಡುವುದು ಆ ಅಂಕಿಯನ್ನು ನಂಬಿ.

ಎರಡನೇ ಸಾಲಿನಲ್ಲಿ ಪ್ರಶಸ್ತಿಯ ಜಾಗಕ್ಕೆ ಕೆಲಸ ಬಂದಿದೆ. ಹಳೆಯ ಸಂಚಿಕೆ ತೆಗೆದು ಯಾರು ಬೇಕಾದರೂ ನೋಡಬಹುದಾದ ಕೆಲಸ ಅದು. ಸನ್ಮಾನದ ಶಾಲು ಯಾವ ಸಂಚಿಕೆಯಲ್ಲೂ ಸಿಗದು.

ಕೊನೆಯ ತುಂಡನ್ನು ಬರೆಯಲು ಹೆಚ್ಚಿನವರು ಹಿಂಜರಿಯುತ್ತಾರೆ. ಈ ಸೀಮೆಯಲ್ಲಿ ಕಬ್ಬಿಲ್ಲದ ಮನೆ ಹುಡುಕುವುದೇ ಕಷ್ಟ. ಹೊಲ, ಷೇರು ಇರುವುದು ತಪ್ಪಲ್ಲ. ಆದರೆ ಕಾರ್ಖಾನೆಯ ಬಾಕಿ ಬಗ್ಗೆ ಬರೆಯುವವರು ಅದೇ ಕಾರ್ಖಾನೆಯಿಂದ ಜಾಹೀರಾತು ತಂದು ಕಮಿಷನ್ ಪಡೆಯುತ್ತಿದ್ದರೆ ಅದು ಓದುಗರಿಗೆ ತಿಳಿಯಬೇಕು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂಬ ನಿಯಮ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಹದಿನೈದನೇ ದಿನ ಸುದ್ದಿ ಏಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಕೆಲವೊಮ್ಮೆ ಜಾಹೀರಾತಿನ ಪುಟದಲ್ಲೇ ಇರುತ್ತದೆ.

ಇಲ್ಲಿ ಇಡೀ ತಪ್ಪನ್ನು ತಾಲ್ಲೂಕು ವರದಿಗಾರರ ತಲೆಗೆ ಕಟ್ಟುವುದು ಅನ್ಯಾಯ. ಅವರಲ್ಲಿ ಅನೇಕರಿಗೆ ಸಂಬಳವೇ ಇಲ್ಲ, ಸಿಗುವುದು ಪುಡಿಗಾಸಿನ ಗೌರವಧನ. ಜಾಹೀರಾತು ತರಲೇಬೇಕೆಂದು ಒತ್ತಡ ಹಾಕುವವರು ಮೇಲಿನವರು. ಅವರ ಹೆಸರು ಮಾತ್ರ ಪ್ರತಿದಿನ ತಪ್ಪದೆ ಅಚ್ಚಾಗುತ್ತದೆ.

ಎರಡು ಸಾಲು ಎಲ್ಲಕ್ಕೂ ಹೊಂದುವುದಿಲ್ಲ. ಅಕ್ರಮ ಮರಳಿನ ಸುದ್ದಿ ಬರೆಯುವವರ ಊರು, ಮನೆ ಹೇಳುವುದು ಅಪಾಯ. ಅಲ್ಲಿ ಕ್ಷೇತ್ರ ಮತ್ತು ಇಸವಿ ಸಾಕು. ವರದಿಗಾರರು ಬೇರೆ ಊರಿಗೆ ವರ್ಗವಾದರೆ ಪರಿಚಯವೂ ಅಂದೇ ಬದಲಾಗಬೇಕು. ಬರುವ ಹಂಗಾಮಿನ ಮೊದಲ ದರದ ಸುದ್ದಿಯ ಕೆಳಗೇ ಇದು ಶುರುವಾಗಲಿ. ಒಂದು ಸಣ್ಣ ಜಾಹೀರಾತಿನಷ್ಟು ಜಾಗವೂ ಇದಕ್ಕೆ ಬೇಡ.